ಉಳಿದ ಆಕಾಶದಲ್ಲಿ ಯಾರ ಪಾಲೆಷ್ಟು?

(ಶಿವಮೊಗ್ಗದಲ್ಲಿ ವಿದ್ಯಾರ್ಥಿಗಳು ಮತ್ತು ಕೃಷಿಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಇವತ್ತು ನಾನು ಒಂದು ಕೋರ್ಟ್ ತೀರ್ಪಿನಿಂದ ಶುರು ಮಾಡುತ್ತೇನೆ. ತೀರ್ಪು ಬಂದದ್ದು ಜರ್ಮನಿಯಲ್ಲಿ, 2021ರ ಮಾರ್ಚ್ 24ರಂದು. ಅಷ್ಟು ದೂರದ ತೀರ್ಪು ಶಿವಮೊಗ್ಗದಲ್ಲಿ ಕುಳಿತ ನಮಗೆ ಯಾಕೆ ಅಂತ ಕೇಳಬಹುದು. ನಮ್ಮ ಎದುರಿಗೆ ಎರಡು ಪ್ರಶ್ನೆಗಳಿವೆ. ಮುಂದೆ ಹುಟ್ಟುವವರಿಗೆ ನಾವು ಏನು ಉಳಿಸಬೇಕು ಅನ್ನುವುದು ಒಂದು. ಶ್ರೀಮಂತ ದೇಶ ಮತ್ತು ಬಡ ದೇಶಗಳ ನಡುವೆ ಹವಾಮಾನದ ಹೊಣೆ ಹೇಗೆ ಹಂಚಬೇಕು ಅನ್ನುವುದು ಇನ್ನೊಂದು. ಇವೆರಡೂ ಒಂದೇ ಕಡತದಲ್ಲಿ, ಲೆಕ್ಕದ ಸಮೇತ, ಎದುರುಬದುರಾಗಿ ಕೂತದ್ದು ಆ ಮೊಕದ್ದಮೆಯಲ್ಲಿ.

2019ರ ಕೊನೆಯಲ್ಲಿ ಜರ್ಮನಿ ಒಂದು ಹವಾಮಾನ ಕಾನೂನು ಮಾಡಿತು. 1990ರಲ್ಲಿ ಎಷ್ಟು ಹಸಿರುಮನೆ ಅನಿಲ ಬಿಡುತ್ತಿದ್ದರೋ ಅದರಲ್ಲಿ ಶೇಕಡ 55ರಷ್ಟನ್ನು 2030ರ ಒಳಗೆ ಇಳಿಸಬೇಕು ಅಂತ ಅದರಲ್ಲಿತ್ತು. 2030ರ ನಂತರ ಏನು ಮಾಡಬೇಕು ಅನ್ನುವುದನ್ನು ಸರಿಯಾಗಿ ಬರೆದಿರಲಿಲ್ಲ. ಮುಂದೆ ನೋಡೋಣ ಅಂತ ಬಿಟ್ಟಿದ್ದರು. ಇದರ ಮೇಲೆ ಕೆಲವು ಯುವಕ ಯುವತಿಯರು ಸಂವಿಧಾನ ನ್ಯಾಯಾಲಯಕ್ಕೆ ಹೋದರು. ಅವರಲ್ಲಿ ಉತ್ತರ ಸಮುದ್ರದ ಪೆಲ್‌ವರ್ಮ್ ಅನ್ನುವ ದ್ವೀಪದ ಒಂದು ರೈತ ಕುಟುಂಬದ ಹುಡುಗಿಯೂ ಇದ್ದಳು. ಸಮುದ್ರ ಮೇಲೇರಿದರೆ ಅವರ ಜಮೀನು ಉಳಿಯುವುದಿಲ್ಲ. ಇದರ ಜೊತೆಗೆ ಬಾಂಗ್ಲಾದೇಶ ಮತ್ತು ನೇಪಾಳದಲ್ಲಿ ವಾಸವಾಗಿರುವ ಕೆಲವರೂ ಅದೇ ಕೋರ್ಟಿಗೆ ದೂರು ಕೊಟ್ಟರು. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಅದಕ್ಕೆ ಬರುತ್ತೇನೆ.

ಕೋರ್ಟು ಏನು ಮಾಡಿತು ಅಂತ ಹೇಳುವ ಮೊದಲು ಗಾಳಿಯ ಲೆಕ್ಕ ಸ್ವಲ್ಪ ಗೊತ್ತಿರಬೇಕು. ನಾವು ಬಿಟ್ಟ ಹೊಗೆಯಲ್ಲಿರುವ ಕಾರ್ಬನ್ ಡೈ ಆಕ್ಸೈಡಿನಲ್ಲಿ ಒಂದು ಭಾಗವನ್ನು ಸಮುದ್ರ ಎಳೆದುಕೊಳ್ಳುತ್ತದೆ, ಒಂದು ಭಾಗವನ್ನು ಕಾಡು ಮತ್ತು ಮಣ್ಣು ತೆಗೆದುಕೊಳ್ಳುತ್ತವೆ. ಆದರೆ ಸಾವಿರ ವರ್ಷ ಕಳೆದರೂ ಅದರಲ್ಲಿ ಒಂದು ಪಾಲು ಮೇಲೆಯೇ ಉಳಿದಿರುತ್ತದೆ. ಹಾಗಾಗಿ ಈ ವರ್ಷ ಎಷ್ಟು ಬಿಟ್ಟೆವು ಅನ್ನುವುದಕ್ಕಿಂತ ಇಲ್ಲಿಯವರೆಗೆ ಒಟ್ಟು ಎಷ್ಟು ಬಿಟ್ಟಿದ್ದೇವೆ ಅನ್ನುವುದು ಮುಖ್ಯ. ಒಟ್ಟು ಎಷ್ಟು ಸೇರುತ್ತದೋ ಬಿಸಿಯೂ ಹೆಚ್ಚುಕಮ್ಮಿ ಅದೇ ಪ್ರಮಾಣದಲ್ಲಿ ಏರುತ್ತದೆ. ಇದರಿಂದ ಒಂದು ಲೆಕ್ಕ ಹಾಕಬಹುದು. ಇಂತಿಷ್ಟು ಡಿಗ್ರಿಯ ಒಳಗೆ ನಿಲ್ಲಬೇಕಾದರೆ ಇನ್ನು ಎಷ್ಟು ಟನ್ ಬಿಡಬಹುದು ಅಂತ. ಇದನ್ನು ಕಾರ್ಬನ್ ಬಜೆಟ್ ಅನ್ನುತ್ತಾರೆ.

ವಿಶ್ವಸಂಸ್ಥೆಯ ಐಪಿಸಿಸಿ ವಿಜ್ಞಾನಿಗಳ ಲೆಕ್ಕದ ಪ್ರಕಾರ 1850ರಿಂದ 2019ರವರೆಗೆ ಮನುಷ್ಯರು ಗಾಳಿಗೆ ಸೇರಿಸಿದ್ದು ಸುಮಾರು 2,40,000 ಕೋಟಿ ಟನ್. ಎರಡು ಡಿಗ್ರಿಯ ಒಳಗೆ ನಿಲ್ಲುವ ಸಾಧ್ಯತೆ ಮೂರರಲ್ಲಿ ಎರಡು ಪಾಲು ಇರಬೇಕು ಅಂದರೆ 2020ರಿಂದ ಮುಂದಕ್ಕೆ ಇಡೀ ಜಗತ್ತಿಗೆ ಉಳಿದದ್ದು ಸುಮಾರು 1,15,000 ಕೋಟಿ ಟನ್. ಒಂದೂವರೆ ಡಿಗ್ರಿಯ ಒಳಗೆ ಅಂದರೆ, ಅದೂ ಅರ್ಧಕ್ಕರ್ಧ ಸಾಧ್ಯತೆಗೆ, 50,000 ಕೋಟಿ ಟನ್ ಮಾತ್ರ. ಈಗ ಜಗತ್ತು ವರ್ಷಕ್ಕೆ 4,000 ಕೋಟಿ ಟನ್ ಹತ್ತಿರ ಬಿಡುತ್ತಿದೆ. ನೀವೇ ಭಾಗಿಸಿ ನೋಡಿ.

ಜರ್ಮನಿಯ ಪರಿಸರ ತಜ್ಞರ ಒಂದು ಸರ್ಕಾರಿ ಮಂಡಳಿ ಇದೇ ತರಹದ ಲೆಕ್ಕದಿಂದ ತಮ್ಮ ದೇಶದ ಪಾಲು ತೆಗೆಯಿತು. ಅವರು ಹಿಡಿದ ಮಿತಿ 1.75 ಡಿಗ್ರಿ. ಜಗತ್ತಿನ ಜನಸಂಖ್ಯೆಯಲ್ಲಿ ಜರ್ಮನಿಯದು ಶೇಕಡ 1.1. ಹಾಗಾಗಿ ಉಳಿದ ಗಾಳಿಯಲ್ಲೂ ನಮ್ಮದು ಶೇಕಡ 1.1 ಅಂತ ಹಿಡಿದರು. 2020ರಿಂದ ಮುಂದಕ್ಕೆ ಜರ್ಮನಿಗೆ ಉಳಿದದ್ದು 670 ಕೋಟಿ ಟನ್ ಅಂತ ಬಂತು. ಕೋರ್ಟು ಈ ಸಂಖ್ಯೆಯನ್ನು ಎದುರಿಗೆ ಇಟ್ಟುಕೊಂಡು 2019ರ ಕಾನೂನನ್ನು ನೋಡಿತು. ಕಾನೂನಿನ ಪ್ರಕಾರವೇ ನಡೆದರೂ 2030ರ ಹೊತ್ತಿಗೆ ಇದರಲ್ಲಿ ಹೆಚ್ಚುಕಮ್ಮಿ ಎಲ್ಲವೂ ಖಾಲಿ. ಉಳಿಯುವುದು 100 ಕೋಟಿ ಟನ್ನಿಗಿಂತ ಕಡಿಮೆ.

ಅಂದರೆ 2030ರಲ್ಲಿ ಮೂವತ್ತು ವರ್ಷದವರಾಗಿರುವವರು ಏನು ಮಾಡಬೇಕು? ಒಂದೆರಡು ವರ್ಷದಲ್ಲಿ ಕಾರು, ಕಾರ್ಖಾನೆ, ಚಳಿಗಾಲದ ಹೀಟರ್ ಎಲ್ಲವನ್ನೂ ಏಕಾಏಕಿ ಬದಲಾಯಿಸಬೇಕು. ಇಲ್ಲ ಅಂದರೆ ಮಿತಿ ದಾಟಬೇಕು. ಜರ್ಮನ್ ಸಂವಿಧಾನದಲ್ಲಿ 20ಎ ಅನ್ನುವ ಒಂದು ವಿಧಿ ಇದೆ, 1994ರಲ್ಲಿ ಸೇರಿಸಿದ್ದು. ಮುಂದಿನ ತಲೆಮಾರುಗಳ ಹೊಣೆಯನ್ನೂ ಹೊತ್ತು ಸರ್ಕಾರ ಬದುಕಿನ ನೈಸರ್ಗಿಕ ಆಧಾರಗಳನ್ನು ಕಾಪಾಡಬೇಕು ಅನ್ನುತ್ತದೆ ಅದು. ಕೋರ್ಟು ಇದನ್ನು ಸ್ವಾತಂತ್ರ್ಯದ ಹಕ್ಕಿನ ಜೊತೆ ಸೇರಿಸಿ ಓದಿತು. ಒಂದು ತಲೆಮಾರು ಬಜೆಟ್ಟಿನ ದೊಡ್ಡ ಪಾಲನ್ನು ಆರಾಮಾಗಿ ಬಳಸಿಕೊಂಡು, ಕಷ್ಟವನ್ನೆಲ್ಲ ಮುಂದಿನವರ ಮೇಲೆ ಹೊರಿಸುವಂತಿಲ್ಲ, ಹಾಗೆ ಮಾಡಿದರೆ ಮುಂದಿನವರ ಸ್ವಾತಂತ್ರ್ಯವನ್ನು ಇವತ್ತೇ ಕಿತ್ತುಕೊಂಡ ಹಾಗೆ ಅನ್ನುವುದು ಅದರ ತಾತ್ಪರ್ಯ. ಸರ್ಕಾರ ಕೆಲವೇ ತಿಂಗಳಲ್ಲಿ ಕಾನೂನು ತಿದ್ದಿತು. 55 ಅನ್ನುವುದು 65 ಆಯಿತು. ಪೂರ್ತಿ ಸೊನ್ನೆಗೆ ತರುವ ವರ್ಷ 2045 ಅಂತ ಗೊತ್ತಾಯಿತು.

ನನಗೆ ಈ ತೀರ್ಪು ಬಹಳ ಇಷ್ಟ. ಮುಂದಿನ ಪೀಳಿಗೆ ಅಂತ ನಾವೆಲ್ಲ ಭಾಷಣದಲ್ಲಿ ಹೇಳುತ್ತಲೇ ಇರುತ್ತೇವೆ. ಇಲ್ಲಿ ಅದು ಲೆಕ್ಕದ ಪುಸ್ತಕಕ್ಕೆ ಬಂತು. ಇಷ್ಟು ಟನ್ ಇದೆ, ನೀವು ಹತ್ತು ವರ್ಷದಲ್ಲಿ ಇಷ್ಟು ಖರ್ಚು ಮಾಡುತ್ತೀರಿ, ಅವರಿಗೆ ಇಷ್ಟೇ ಉಳಿಯುತ್ತದೆ, ಇದು ಸರಿಯಲ್ಲ. ಅಷ್ಟೇ.

ಇಲ್ಲಿ ಒಂದು ಮಾತು ಪಕ್ಕಕ್ಕೆ ಹೋಗಿ ಹೇಳಬೇಕು. ಈ ತರಹ ಮುಂದೂಡುವ ಕಾನೂನುಗಳು ಯಾಕೆ ಬರುತ್ತವೆ? ರಾಜಕಾರಣಿಗಳಿಗೆ ಚುನಾವಣೆಯ ಆಚೆ ಕಾಣುವುದಿಲ್ಲ ಅನ್ನುವುದು ಒಂದು ಕಾರಣ, ಅದು ಎಲ್ಲರಿಗೂ ಗೊತ್ತು. ಇನ್ನೊಂದು ಕಾರಣ ಅರ್ಥಶಾಸ್ತ್ರದ ಒಳಗೇ ಇದೆ. ಮುಂದೆ ಆಗುವ ನಷ್ಟವನ್ನು ಇವತ್ತಿನ ಬೆಲೆಗೆ ಇಳಿಸುವಾಗ ವರ್ಷಕ್ಕೆ ಇಷ್ಟು ಅಂತ ಕಳೆಯುತ್ತಾ ಬರುತ್ತಾರೆ. ಬಡ್ಡಿಯನ್ನು ಹಿಂದುಮುಂದಾಗಿ ಹಾಕಿದ ಹಾಗೆ. ಈ ದರ ಎಷ್ಟಿರಬೇಕು ಅನ್ನುವುದರ ಮೇಲೆ ದೊಡ್ಡ ಜಗಳವೇ ನಡೆದಿದೆ. 2006ರಲ್ಲಿ ಬ್ರಿಟನ್ನಿನ ನಿಕೋಲಸ್ ಸ್ಟರ್ನ್ ತಮ್ಮ ವರದಿಯಲ್ಲಿ ಶೇಕಡ 1.4ರ ಹತ್ತಿರ ಹಿಡಿದರು. ಅಮೆರಿಕದ ವಿಲಿಯಂ ನಾರ್ಡ್‌ಹಾಸ್, 2018ರಲ್ಲಿ ನೊಬೆಲ್ ಬಂದವರು, ಅದಕ್ಕಿಂತ ತುಂಬಾ ಜಾಸ್ತಿ ದರ ಬಳಸಿದರು. ನೋಡಲು ಸಣ್ಣ ವ್ಯತ್ಯಾಸ. ಆದರೆ ನೂರು ವರ್ಷದ ನಂತರ ಆಗುವ ಒಂದು ಲಕ್ಷ ರೂಪಾಯಿ ನಷ್ಟವನ್ನು ತೆಗೆದುಕೊಳ್ಳಿ. ದರ 1.4 ಆದರೆ ಅದರ ಇವತ್ತಿನ ಬೆಲೆ ಸುಮಾರು 25,000 ರೂಪಾಯಿ. ದರ 5 ಅಂತ ಹಿಡಿದರೆ ಸುಮಾರು 760 ರೂಪಾಯಿ. ಆ ನಷ್ಟ ತಪ್ಪಿಸಲು ಇವತ್ತು ಸಾವಿರ ರೂಪಾಯಿ ಖರ್ಚು ಮಾಡುವುದೂ ದಂಡ ಅಂತ ಈ ಎರಡನೇ ಲೆಕ್ಕ ಹೇಳುತ್ತದೆ.

ಈ ದರದ ಒಳಗೆ ಎರಡು ಬೇರೆ ಬೇರೆ ನಂಬಿಕೆಗಳು ಅಡಗಿವೆ. ಮೊದಲನೆಯದು, ಮುಂದಿನವರು ನಮಗಿಂತ ಶ್ರೀಮಂತರಾಗಿರುತ್ತಾರೆ, ಅವರಿಗೆ ಒಂದು ರೂಪಾಯಿ ಹೋದರೆ ನಮಗೆ ಹೋದಷ್ಟು ನೋವಾಗುವುದಿಲ್ಲ ಅನ್ನುವುದು. ಎರಡನೆಯದು, ಅವರು ಮುಂದೆ ಹುಟ್ಟುತ್ತಾರೆ ಅನ್ನುವ ಒಂದೇ ಕಾರಣಕ್ಕೆ ಅವರ ನೋವು ಕಡಿಮೆ ಅನ್ನುವುದು. ಈ ಎರಡನೆಯದನ್ನು ಕೇಂಬ್ರಿಜ್‌ನ ಫ್ರಾಂಕ್ ರ‍್ಯಾಮ್ಸೆ 1928ರಲ್ಲೇ ತಪ್ಪು ಅಂದಿದ್ದರು, ನಮ್ಮ ಕಲ್ಪನಾಶಕ್ತಿಯ ಬಡತನದಿಂದ ಬರುವ ಯೋಚನೆ ಅದು ಅಂತ. ನಾನೂ ಅವರ ಪಕ್ಷವೇ. ಮೊದಲನೆಯದರಲ್ಲಿ ಸ್ವಲ್ಪ ಸತ್ಯ ಇದೆ. ಆದರೆ ಯಾರು ಶ್ರೀಮಂತರಾಗಿರುತ್ತಾರೆ ಅಂತ ಕೇಳಬೇಕು. ಜರ್ಮನಿಯವರ ಮೊಮ್ಮಕ್ಕಳು ಶ್ರೀಮಂತರಾಗಿರಬಹುದು. ಬಾಂಗ್ಲಾದೇಶದ ಕರಾವಳಿಯಲ್ಲಿ ಉಪ್ಪುನೀರು ಗದ್ದೆಗೆ ನುಗ್ಗಿದವನ ಮೊಮ್ಮಕ್ಕಳು? ಇಡೀ ಜಗತ್ತಿನ ಸರಾಸರಿ ತೆಗೆದಾಗ ಅವರು ಆ ಸರಾಸರಿಯ ಒಳಗೆ ಕಾಣದೇ ಹೋಗುತ್ತಾರೆ.

ಈಗ ಬಾಂಗ್ಲಾದೇಶ, ನೇಪಾಳದವರ ದೂರಿಗೆ ಬರೋಣ. ಜರ್ಮನ್ ಕೋರ್ಟು ಅವರ ದೂರನ್ನು ವಿಚಾರಣೆಗೆ ತೆಗೆದುಕೊಂಡಿತು. ಬಾಗಿಲಲ್ಲೇ ವಾಪಸ್ ಕಳಿಸಲಿಲ್ಲ. ಆದರೆ ಕೊನೆಗೆ ನಿಮ್ಮ ಹಕ್ಕಿಗೆ ಭಂಗ ಬಂದಿಲ್ಲ ಅಂದಿತು. 2030ರ ನಂತರ ಏಕಾಏಕಿ ಕಡಿತದ ಕಾನೂನು ಬಂದರೆ ಅದು ಬೀಳುವುದು ಜರ್ಮನಿಯಲ್ಲಿ ಇರುವವರ ಮೇಲೆ, ನಿಮ್ಮ ಮೇಲಲ್ಲ. ಒಡ್ಡು ಕಟ್ಟುವುದು, ಜನರನ್ನು ಸ್ಥಳಾಂತರ ಮಾಡುವುದು ಇಂಥದ್ದನ್ನೆಲ್ಲ ಜರ್ಮನ್ ಸರ್ಕಾರ ನಿಮ್ಮ ನೆಲದಲ್ಲಿ ಬಂದು ಮಾಡಲಾಗದು. ಕಾನೂನಿನ ದೃಷ್ಟಿಯಿಂದ ಈ ವಾದವನ್ನು ಅರ್ಥ ಮಾಡಿಕೊಳ್ಳಬಹುದು. ಒಂದು ದೇಶದ ಸಂವಿಧಾನ ಆ ದೇಶದವರಿಗಾಗಿ ಬರೆದದ್ದು. ಆದರೆ ಫಲಿತಾಂಶ ನೋಡಿ. ಇನ್ನೂ ಹುಟ್ಟದ ಜರ್ಮನ್ ಮಕ್ಕಳಿಗೆ ಹಕ್ಕು ಸಿಕ್ಕಿತು. ಈಗಾಗಲೇ ಹುಟ್ಟಿ, ಪ್ರವಾಹದಲ್ಲಿ ನಿಂತಿರುವವರಿಗೆ ಸಿಗಲಿಲ್ಲ.

ಇದಕ್ಕಿಂತ ದೊಡ್ಡ ವಿಷಯ ಆ 670 ಕೋಟಿ ಟನ್ನಿನ ಒಳಗೇ ಇದೆ. ಆ ಲೆಕ್ಕ ಯಾವ ವರ್ಷದಿಂದ ಶುರುವಾಯಿತು ಗೊತ್ತಾ? 2016ರಿಂದ. ಪ್ಯಾರಿಸ್ ಹವಾಮಾನ ಒಪ್ಪಂದ ಆದ ಮರುವರ್ಷ. ಅಲ್ಲಿಂದ 2019ರವರೆಗೆ ಬಿಟ್ಟದ್ದನ್ನು ಕಳೆದ ಮೇಲೆ ಉಳಿದದ್ದು ಆ 670 ಕೋಟಿ. 2016ಕ್ಕಿಂತ ಹಿಂದೆ ಜರ್ಮನಿ ಸುಟ್ಟ ಕಲ್ಲಿದ್ದಲಿಗೆ ಆ ಪುಸ್ತಕದಲ್ಲಿ ಪುಟವೇ ಇಲ್ಲ.

ನಮ್ಮ ಮಲೆನಾಡಿನವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ಒಟ್ಟು ಕುಟುಂಬದ ತೋಟ ಪಾಲಾಗುವುದನ್ನು ಎಲ್ಲರೂ ನೋಡಿದ್ದೇವೆ. ದೊಡ್ಡಣ್ಣ ಇಡೀ ತೋಟದ ಮೇಲೆ ಮಂಡಿಯಲ್ಲಿ ಸಾಲ ಎತ್ತಿ ಪೇಟೆಯಲ್ಲಿ ಮನೆ ಕಟ್ಟಿಸಿರುತ್ತಾನೆ, ಮಕ್ಕಳನ್ನು ಓದಿಸಿರುತ್ತಾನೆ. ಪಂಚಾಯಿತಿಗೆ ಕೂತಾಗ, ಹಳೇದು ಬೇಡ, ಇವತ್ತು ಇರುವುದನ್ನು ಸಮ ಭಾಗ ಮಾಡಿ ಅನ್ನುತ್ತಾನೆ. ಸಮ ಭಾಗ ಅಂತ ಕೇಳಲು ಚೆನ್ನಾಗಿದೆ. ಆದರೆ ಊರಿನ ಯಾವ ಹಿರಿಯರೂ ಅದನ್ನು ನ್ಯಾಯ ಅನ್ನುವುದಿಲ್ಲ. ಹಿಂದೆ ತೆಗೆದದ್ದನ್ನು ಮೊದಲು ಲೆಕ್ಕಕ್ಕೆ ಹಾಕು, ಆಮೇಲೆ ಪಾಲುಪಟ್ಟಿ ಬರೆಯೋಣ ಅನ್ನುತ್ತಾರೆ.

ಶುರುವಿನ ವರ್ಷ ಬದಲಾದರೆ ಏನಾಗುತ್ತದೆ ಅಂತ ನಾವೇ ಒಂದು ಸಾದಾ ಲೆಕ್ಕ ಹಾಕೋಣ. ಎರಡು ಡಿಗ್ರಿಯ ಮಿತಿಯನ್ನೇ ಇಟ್ಟುಕೊಳ್ಳಿ. 2020ರಿಂದ ಶುರು ಮಾಡಿದರೆ ಹಂಚಲು ಇರುವುದು 1,15,000 ಕೋಟಿ ಟನ್. ಜರ್ಮನಿಯ ಶೇಕಡ 1.1 ಅಂದರೆ ಸುಮಾರು 1,265 ಕೋಟಿ ಟನ್. ಇನ್ನೂ ಪಾಲಿದೆ. ಈಗ 1990ರಿಂದ ಶುರು ಮಾಡಿ. 1990ರಿಂದ 2019ರವರೆಗೆ ಜಗತ್ತು ಬಿಟ್ಟದ್ದು ಸುಮಾರು ಒಂದು ಲಕ್ಷ ಕೋಟಿ ಟನ್. ಅದನ್ನೂ ಸೇರಿಸಿದರೆ ಹಂಚಬೇಕಾದದ್ದು 2,15,000 ಕೋಟಿ ಟನ್. ಜರ್ಮನಿಯ ಪಾಲು ಸುಮಾರು 2,365 ಕೋಟಿ. ಅವರು ಆ ಮೂವತ್ತು ವರ್ಷದಲ್ಲಿ ಕಲ್ಲಿದ್ದಲು, ಎಣ್ಣೆ, ಅನಿಲ ಸುಟ್ಟು ಬಿಟ್ಟದ್ದೇ ಸುಮಾರು 2,600 ಕೋಟಿ. ಪಾಲು ಮುಗಿದು, ಮೇಲೆ ಬಾಕಿ ನಿಂತಿದೆ. ಇದು ಎರಡು ಡಿಗ್ರಿಗೆ. ಅವರದೇ 1.75 ಡಿಗ್ರಿ ಹಿಡಿದರೆ ಬಾಕಿ ಇನ್ನೂ ಜಾಸ್ತಿ.

ಅದೇ ಲೆಕ್ಕ ಭಾರತಕ್ಕೆ ಹಾಕಿ. ಜನಸಂಖ್ಯೆಯಲ್ಲಿ ನಮ್ಮದು ಶೇಕಡ 17.5 ಅಂದುಕೊಳ್ಳೋಣ. 1990ರಿಂದ ಹಿಡಿದರೆ ಪಾಲು ಸುಮಾರು 37,600 ಕೋಟಿ ಟನ್. ಬಳಸಿದ್ದು ಸುಮಾರು 4,200 ಕೋಟಿ. 33,000 ಕೋಟಿಗಿಂತ ಜಾಸ್ತಿ ಉಳಿದಿದೆ. 2020ರಿಂದ ಹಿಡಿದರೆ ಸಿಗುವುದು 20,000 ಕೋಟಿ ಮಾತ್ರ. ಶುರುವಿನ ವರ್ಷ ಯಾವುದು ಅನ್ನುವ ಒಂದೇ ತೀರ್ಮಾನದಲ್ಲಿ ನಮ್ಮ ಪಾಲಿನಿಂದ 13,000 ಕೋಟಿ ಟನ್ ಹೋಯಿತು. ಯಾರೂ ಕಳ್ಳತನ ಮಾಡಲಿಲ್ಲ, ಯಾರೂ ಸುಳ್ಳು ಹೇಳಲಿಲ್ಲ. ಪುಸ್ತಕವನ್ನು ಎಲ್ಲಿಂದ ತೆರೆದರು ಅನ್ನುವುದಷ್ಟೇ.

ನಾನು 1850ರ ಬದಲು 1990 ಯಾಕೆ ಹಿಡಿದೆ ಅಂತ ಯಾರಾದರೂ ಕೇಳಬೇಕು. 1850ರಿಂದ ಹಿಡಿದರೆ ನಮ್ಮ ವಾದ ಇನ್ನೂ ಗಟ್ಟಿಯಾಗುತ್ತದೆ. ಇಲ್ಲಿಯವರೆಗೆ ಜಗತ್ತು ಸುಟ್ಟ ಇಂಧನದ ಹೊಗೆಯಲ್ಲಿ ಅಮೆರಿಕ ಒಂದರದೇ ನಾಲ್ಕನೇ ಒಂದು ಭಾಗ, ಭಾರತದ್ದು ಶೇಕಡ ಮೂರರ ಆಸುಪಾಸು. ಆದರೆ ಅಲ್ಲಿ ಒಂದು ನ್ಯಾಯವಾದ ಆಕ್ಷೇಪ ಬರುತ್ತದೆ. ಉಗಿಯಂತ್ರ ಓಡಿಸಿದವರಿಗೆ ಇದರಿಂದ ಹವಾಮಾನ ಕೆಡುತ್ತದೆ ಅಂತ ಗೊತ್ತಿರಲಿಲ್ಲವಲ್ಲ? ಸ್ವೀಡನ್ನಿನ ವಿಜ್ಞಾನಿ ಅರ್ಹೇನಿಯಸ್ 1896ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರೂ ಅದು ಸರ್ಕಾರಗಳ ಕಿವಿಗೆ ಬಿದ್ದಿರಲಿಲ್ಲ. ಗೊತ್ತಿಲ್ಲದೆ ಮಾಡಿದ್ದಕ್ಕೆ ಶಿಕ್ಷೆ ಕೊಡುವುದು ಸರಿಯಲ್ಲ, ಒಪ್ಪೋಣ. ಆದರೆ 1990ರಲ್ಲಿ ಐಪಿಸಿಸಿಯ ಮೊದಲ ವರದಿ ಬಂತು. 1992ರಲ್ಲಿ ರಿಯೋ ನಗರದಲ್ಲಿ ಎಲ್ಲರೂ ಸೇರಿ ಹವಾಮಾನ ಒಪ್ಪಂದಕ್ಕೆ ಸಹಿ ಹಾಕಿದರು. ಈಗಿನ ಮತ್ತು ಮುಂದಿನ ತಲೆಮಾರುಗಳಿಗಾಗಿ, ಎಲ್ಲರಿಗೂ ಸೇರಿದ, ಆದರೆ ಬೇರೆ ಬೇರೆ ಪ್ರಮಾಣದ ಹೊಣೆಯ ಮೇಲೆ ಹವಾಮಾನ ಕಾಪಾಡಬೇಕು, ಶ್ರೀಮಂತ ದೇಶಗಳು ಮುಂದಾಳತ್ವ ವಹಿಸಬೇಕು ಅಂತ ಅದರ ಮೂರನೇ ವಿಧಿಯಲ್ಲೇ ಬರೆದರು. ಅಂದಮೇಲೆ ಗೊತ್ತಿರಲಿಲ್ಲ ಅನ್ನುವ ಮಾತು ಅಲ್ಲಿಗೆ ಮುಗಿಯಿತು. 1850ರಿಂದ ಬಿಟ್ಟ ಒಟ್ಟು ಹೊಗೆಯಲ್ಲಿ ಶೇಕಡ 42ರಷ್ಟು ಬಿಟ್ಟದ್ದು 1990ರ ನಂತರ. ಎಲ್ಲ ಗೊತ್ತಿದ್ದೂ ಬಿಟ್ಟದ್ದು ಅದು.

1990ಕ್ಕಿಂತ ಹಿಂದಿನದನ್ನು ಹಾಗಾದರೆ ಪೂರ್ತಿ ಬಿಡಬೇಕಾ? ಇಲ್ಲಿ ನಮ್ಮ ಆಸ್ತಿ ಕಾನೂನು ಒಂದು ದಾರಿ ತೋರಿಸುತ್ತದೆ. ಅಪ್ಪನ ಸಾಲ ತೀರಿಸುವುದು ಮಗನ ಧರ್ಮ ಅನ್ನುವ ಕಾರಣಕ್ಕೇ ಮಗನ ಮೇಲೆ ದಾವೆ ಹಾಕಲು ಹಿಂದೂ ಕಾನೂನಿನಲ್ಲಿ ಹಿಂದೆ ಅವಕಾಶ ಇತ್ತು. 2005ರ ತಿದ್ದುಪಡಿಯ ನಂತರ ಮಾಡಿದ ಸಾಲಗಳಿಗೆ ಅದೊಂದೇ ಕಾರಣ ಸಾಲದು. ಆದರೆ ಅಪ್ಪ ಬಿಟ್ಟುಹೋದ ಆಸ್ತಿ ಮಗನ ಕೈಗೆ ಬಂದಿದ್ದರೆ, ಆ ಆಸ್ತಿಯ ಮಟ್ಟಿಗೆ ಸಾಲ ಕೊಟ್ಟವನು ಕೇಳಬಹುದು. ನನಗೆ ಇದು ಸರಿಯಾದ ಅಳತೆ ಅನ್ನಿಸುತ್ತದೆ. ಇವತ್ತಿನ ಜರ್ಮನ್ ಹುಡುಗ ತನ್ನ ಮುತ್ತಜ್ಜನ ತಪ್ಪಿಗೆ ಅಪರಾಧಿ ಅಲ್ಲ. ಆದರೆ ಆ ಕಲ್ಲಿದ್ದಲಿನಿಂದ ಕಟ್ಟಿದ ರೈಲು, ಆಸ್ಪತ್ರೆ, ವಿಶ್ವವಿದ್ಯಾಲಯ, ಬಂಡವಾಳ ಅವನ ಕೈಗೆ ಬಂದಿದೆ. ಅಷ್ಟರ ಮಟ್ಟಿಗೆ ಅದರ ಜೊತೆ ಬಂದ ಬಾಕಿಯೂ ಅವನದು.

ಬಾಕಿ ತೀರಿಸುವುದು ಹೇಗೆ? ಖರ್ಚಾದ ಗಾಳಿಯನ್ನು ವಾಪಸ್ ಕೊಡಲಾಗುವುದಿಲ್ಲ. ಹಾಗಾಗಿ ಬೇಗ ಸೊನ್ನೆಗೆ ಬರಬೇಕು, ಜೊತೆಗೆ ಬಡ ದೇಶಗಳು ಕಲ್ಲಿದ್ದಲಿಲ್ಲದೆ ಮುಂದೆ ಬರಲು ಹಣ ಕೊಡಬೇಕು. 2009ರಲ್ಲಿ ಕೋಪನ್‌ಹೇಗನ್ನಿನಲ್ಲಿ ಶ್ರೀಮಂತ ದೇಶಗಳು 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಅಂತ ಮಾತು ಕೊಟ್ಟವು. ಅವರದೇ ಲೆಕ್ಕದ ಪ್ರಕಾರ ಆ ಮೊತ್ತ ಮುಟ್ಟಿದ್ದು 2022ರಲ್ಲಿ. ತಡವಾದದ್ದು ಒಂದು ಕಡೆ. ಸರ್ಕಾರಗಳ ಕಡೆಯಿಂದ ಬಂದ ಆ ಹಣದಲ್ಲಿ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಸಾಲದ ರೂಪದಲ್ಲಿತ್ತು ಅನ್ನುವುದು ನನಗೆ ಇದಕ್ಕಿಂತ ಕೆಟ್ಟದ್ದಾಗಿ ಕಾಣುತ್ತದೆ. ಸಾಲವನ್ನು ತೀರಿಸುವವರು ಯಾರು? ಆ ಬಡ ದೇಶದ ಮುಂದಿನ ತಲೆಮಾರು. ಬಿಸಿಯನ್ನೂ ಅವರೇ ಅನುಭವಿಸಬೇಕು, ಅದರಿಂದ ತಪ್ಪಿಸಿಕೊಳ್ಳಲು ಕಟ್ಟಿದ ಒಡ್ಡಿನ ಕಂತನ್ನೂ ಅವರೇ ಕಟ್ಟಬೇಕು. ನಾನು ಮೊದಲಿಗೆ ಹೇಳಿದ ಎರಡು ಪ್ರಶ್ನೆ ಇಲ್ಲಿ ಬಂದು ಕೂಡುತ್ತವೆ. ಒಂದು ದೇಶ ಇನ್ನೊಂದು ದೇಶಕ್ಕೆ ಮಾಡುವ ಅನ್ಯಾಯ ಆ ಇನ್ನೊಂದು ದೇಶದ ಹುಟ್ಟದ ಮಕ್ಕಳ ತಲೆಗೆ ಹೋಗಿ ನಿಲ್ಲುತ್ತದೆ.

2024ರಲ್ಲಿ ಬಾಕು ನಗರದಲ್ಲಿ ಹೊಸ ಗುರಿ ಇಟ್ಟರು, 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಡಾಲರ್. ಭಾರತದ ಪ್ರತಿನಿಧಿ ಸಭೆಯಲ್ಲೇ ಎದ್ದು ಇದನ್ನು ಒಪ್ಪುವುದಿಲ್ಲ ಅಂದರು. ಇದರಲ್ಲೂ ಎಷ್ಟು ಸಾಲ, ಎಷ್ಟು ನೆರವು ಅಂತ ಗಟ್ಟಿಯಾಗಿ ಬರೆದಿಲ್ಲ. ಇನ್ನೊಂದು ವಿಷಯ. ಪ್ಯಾರಿಸ್ ಒಪ್ಪಂದದ ಎಂಟನೇ ವಿಧಿ ಹವಾಮಾನದಿಂದ ಆಗುವ ನಷ್ಟದ ಬಗ್ಗೆ ಇದೆ. ಅದರ ಜೊತೆ ಮಾಡಿದ ನಿರ್ಣಯದಲ್ಲಿ, ಈ ವಿಧಿಯ ಆಧಾರದ ಮೇಲೆ ಹೊಣೆಗಾರಿಕೆ ಅಥವಾ ಪರಿಹಾರ ಕೇಳುವಂತಿಲ್ಲ ಅಂತ ಬರೆಸಿಕೊಂಡಿದ್ದಾರೆ. ನಷ್ಟ ಭರಿಸುವ ನಿಧಿಯೊಂದನ್ನು 2022ರಲ್ಲಿ ಒಪ್ಪಿದರೂ ಅದು ಇಷ್ಟಪಟ್ಟು ಕೊಡುವ ದೇಣಿಗೆಯಾಗಿಯೇ ಉಳಿದಿದೆ. 2025ರ ಜುಲೈನಲ್ಲಿ ಮಾತ್ರ ಸ್ವಲ್ಪ ಬದಲಾವಣೆ ಬಂತು. ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳು 2019ರಲ್ಲಿ ಎತ್ತಿದ ಮಾತನ್ನು ವನುವಾಟು ದೇಶ ವಿಶ್ವಸಂಸ್ಥೆಯ ತನಕ ತೆಗೆದುಕೊಂಡು ಹೋಗಿತ್ತು. ಅದರ ಮೇಲೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಅಭಿಪ್ರಾಯ ಕೊಟ್ಟಿತು. ಹವಾಮಾನ ಕಾಪಾಡುವುದು ದೇಶಗಳ ಕಾನೂನು ಕರ್ತವ್ಯ, ಅದನ್ನು ಮೀರಿದರೆ ನಷ್ಟ ತುಂಬಿಕೊಡಬೇಕಾದೀತು ಅಂತ. ಇದು ಸಲಹೆ ಮಾತ್ರ, ಜಾರಿ ಮಾಡಿಸುವ ಪೊಲೀಸರು ಯಾರೂ ಇಲ್ಲ. ಆದರೂ ನೆರವು ಅನ್ನುವ ಜಾಗಕ್ಕೆ ಹೊಣೆ ಬಂದಿದೆ.

ಸಭೆಯಲ್ಲಿ ಒಬ್ಬರು ಚೀನಾದ ಬಗ್ಗೆ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. 1992ರಲ್ಲಿ ಶ್ರೀಮಂತ ದೇಶಗಳ ಒಂದು ಪಟ್ಟಿ ಮಾಡಿದರು. ಹಣ ಕೊಡುವ ಹೊಣೆ ಆ ಪಟ್ಟಿಯಲ್ಲಿ ಇರುವವರದು. ಮೂವತ್ತು ವರ್ಷ ಕಳೆದರೂ ಆ ಪಟ್ಟಿಗೆ ಹೊಸ ದೇಶ ಯಾವುದೂ ಸೇರಿಲ್ಲ. ಅದರಲ್ಲಿ ಸಿಂಗಪುರ ಇಲ್ಲ, ಕತಾರ್ ಇಲ್ಲ, ದಕ್ಷಿಣ ಕೊರಿಯಾ ಇಲ್ಲ. ಚೀನಾದ ತಲಾ ಹೊಗೆ ಈಗ ವರ್ಷಕ್ಕೆ ಎಂಟು ಟನ್ ದಾಟಿದೆ. ಜಗತ್ತಿನ ಸರಾಸರಿ ಐದು ಟನ್ನಿಗೂ ಕಡಿಮೆ, ನಮ್ಮದು ಸುಮಾರು ಎರಡು. ನಾನು ಹಾಕಿದ ಪಾಲಿನ ಲೆಕ್ಕವನ್ನು ಚೀನಾಕ್ಕೂ ಹಾಕಬೇಕು. ಪಟ್ಟಿಯಲ್ಲಿ ಹೆಸರು ಇದೆಯಾ ಇಲ್ಲವಾ ಅನ್ನುವುದಕ್ಕಿಂತ ಇದೇ ಸರಿ. ಮುಂದೊಂದು ದಿನ ಆ ಲೆಕ್ಕ ನಮ್ಮ ಕಡೆಗೂ ತಿರುಗುತ್ತದೆ, ತಿರುಗಲೂಬೇಕು.

ನಾವು ಹೊರಗೆ ಕೇಳುವ ಮಾತನ್ನು ಒಳಗೂ ಕೇಳಬೇಕಲ್ವಾ? ತಲಾ ಎರಡು ಟನ್ ಅನ್ನುವುದು ಸರಾಸರಿ. ಬೆಂಗಳೂರಿನಲ್ಲಿ ಎರಡು ಕಾರು, ನಾಲ್ಕು ಎಸಿ ಇಟ್ಟುಕೊಂಡು ತಿಂಗಳಿಗೊಮ್ಮೆ ವಿಮಾನ ಹತ್ತುವವರು, ಹೊಸನಗರದ ಹಾಡಿಯಿಂದ ಸೌದೆ ಹೊತ್ತು ತರುವವರು ಇಬ್ಬರೂ ಆ ಸರಾಸರಿಯಲ್ಲಿದ್ದಾರೆ. ಬಡವರ ಪಾಲು ಅಂತ ನಾವು ಹವಾಮಾನ ಸಭೆಗಳಲ್ಲಿ ವಾದಿಸಿ ಗೆದ್ದ ಟನ್ನುಗಳು ಆ ಬಡವರಿಗೇ ತಲುಪಬೇಕು.

ಇದಕ್ಕೆ ಶರಾವತಿಗಿಂತ ಹತ್ತಿರದ ಉದಾಹರಣೆ ಬೇಡ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಜಲಾಶಯ ತುಂಬಿದಾಗಿನ ಮಟ್ಟ, 1819 ಅಡಿ ಅನ್ನುವ ಸಂಖ್ಯೆ, ಪ್ರತಿ ಮಳೆಗಾಲ ನಮ್ಮ ಪತ್ರಿಕೆಗಳಲ್ಲಿ ಬರುತ್ತದೆ. ಆ ನೀರಿನ ಅಡಿಯಲ್ಲಿ ಗದ್ದೆ, ತೋಟ, ದೇವಸ್ಥಾನ ಇವೆ. ಕೆಳಗಿನ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಆ ಕಾಲಕ್ಕೆ ರಾಜ್ಯದ ಕರೆಂಟಿನ ದೊಡ್ಡ ಪಾಲು ಇಲ್ಲಿಂದಲೇ ಹೋಗುತ್ತಿತ್ತು. ಹೊಗೆ ಇಲ್ಲದ ಕರೆಂಟು, ಹವಾಮಾನದ ದೃಷ್ಟಿಯಿಂದ ಚಿನ್ನದಂಥದ್ದು. ಆದರೆ ಊರು ಬಿಟ್ಟವರಲ್ಲಿ ಎಷ್ಟೋ ಮನೆಗಳಿಗೆ ಅದೇ ಕರೆಂಟು ಬರಲು ದಶಕಗಳೇ ಹಿಡಿದವು. ಸರ್ಕಾರ ತೋರಿಸಿದ ಜಾಗ ಕಾಡಿನ ಜಮೀನಾಗಿದ್ದರಿಂದ ಅನೇಕರ ಹಕ್ಕುಪತ್ರದ ತಕರಾರು ಇವತ್ತಿಗೂ ಮುಗಿದಿಲ್ಲ. ತುಮರಿ ಕಡೆಯವರು ಹಿನ್ನೀರು ದಾಟಲು ಲಾಂಚ್ ಕಾಯುತ್ತಿದ್ದರು. ಸಂಜೆಯ ಕೊನೆಯ ಲಾಂಚ್ ತಪ್ಪಿತು ಅಂದರೆ, ರಾತ್ರಿ ಹೆರಿಗೆ ನೋವು ಬಂದರೂ, ಸುತ್ತಿ ಬಳಸಿ ಹೋಗಬೇಕಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ವಾಹನ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ. 1964ರಿಂದ ಎಣಿಸಿ.

ಈಗ ಅದೇ ಕಣಿವೆಗೆ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆ ಬರುತ್ತಿದೆ. ಹಗಲು ಸೌರ ವಿದ್ಯುತ್ ಜಾಸ್ತಿ ಇದ್ದಾಗ ಗೇರುಸೊಪ್ಪೆ ಜಲಾಶಯದಿಂದ ತಲಕಳಲೆಗೆ ನೀರು ಮೇಲೆತ್ತುವುದು, ಸಂಜೆ ಬೇಡಿಕೆ ಏರಿದಾಗ ಅದೇ ನೀರನ್ನು ಕೆಳಗೆ ಬಿಟ್ಟು ಕರೆಂಟು ತೆಗೆಯುವುದು. ಎತ್ತಲು ಬೇಕಾದ ಕರೆಂಟು ವಾಪಸ್ ಸಿಗುವುದಕ್ಕಿಂತ ಜಾಸ್ತಿ. ಆದರೂ ಸೂರ್ಯ ಮುಳುಗಿದ ಮೇಲೆ ಕಲ್ಲಿದ್ದಲು ಸುಡದೆ ಇರಬೇಕಾದರೆ ಇಂಥದ್ದೊಂದು ಉಗ್ರಾಣ ಬೇಕು ಅನ್ನುವ ವಾದದಲ್ಲಿ ತಾಂತ್ರಿಕವಾಗಿ ತಿರುಳಿದೆ. ನಾನು ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಜಾಗ ಯಾವುದು? ಸಿಂಗಳೀಕಗಳ ಅಭಯಾರಣ್ಯ. ಸುರಂಗ ನೆಲದ ಒಳಗಿದ್ದರೂ ಅಲ್ಲಿಗೆ ಹೋಗುವ ರಸ್ತೆಗೆ ಮರ ಕಡಿಯಬೇಕು, ಕಡಿದಾದ ಗುಡ್ಡ ಅಗೆಯಬೇಕು. ಆ ಮಳೆಕಾಡು ಒಮ್ಮೆ ಹೋದರೆ ಮುಂದಿನ ತಲೆಮಾರಿಗೆ ನಾವು ಯಾವ ಹಣದಿಂದಲೂ ಕಟ್ಟಿಕೊಡಲಾರೆವು. ಭವಿಷ್ಯದ ಮಕ್ಕಳ ಹೆಸರಿನಲ್ಲಿ ಮಾಡುವ ಕೆಲಸಕ್ಕೆ ಭವಿಷ್ಯದ ಮಕ್ಕಳ ಕಾಡನ್ನೇ ಕೊಡುವುದಾದರೆ, ಬೇರೆ ಯಾವ ಜಾಗವೂ ಇರಲಿಲ್ಲ ಅಂತ ತೋರಿಸುವ ಹೊಣೆ ಯೋಜನೆ ತರುವವರದು. ಕಾಡಿಲ್ಲದ ಬೋಳು ಗುಡ್ಡಗಳಲ್ಲಿ, ಹಳೆಯ ಗಣಿ ಹೊಂಡಗಳಲ್ಲಿ ಇದನ್ನು ಮಾಡಲು ಆಗುತ್ತದಾ ಅಂತ ಪರೀಕ್ಷಿಸಿ ನೋಡಿದ ವರದಿಯನ್ನು ಜನರ ಮುಂದೆ ಇಡಲಿ.

ಮತ್ತೆ ಈ ಕಣಿವೆಯ ಪುಸ್ತಕವನ್ನು ಯಾವ ವರ್ಷದಿಂದ ತೆರೆಯುತ್ತಾರೆ? ಯೋಜನೆಯ ಕಾಗದ ಈ ದಶಕದಿಂದ ಶುರುವಾಗುತ್ತದೆ. ಇಷ್ಟು ಎಕರೆ ಕಾಡು, ಇಷ್ಟು ಮನೆ, ಇಷ್ಟು ಪರಿಹಾರ ಅಂತ. 1964ರ ಬಾಕಿ ಅದರಲ್ಲಿಲ್ಲ. ಜರ್ಮನಿಯವರು 2016ರಿಂದ ಲೆಕ್ಕ ಹಿಡಿದರೆ ತಪ್ಪು ಅಂತ ನಾವು ಹೇಳುವುದಾದರೆ ಇದಕ್ಕೂ ಅದನ್ನೇ ಹೇಳಬೇಕಾಗುತ್ತದೆ. ಸಾರ್ವಜನಿಕ ಅಹವಾಲು ಸಭೆಗೆ ಹೋಗುವವರು ಯಾರಾದರೂ ಇಲ್ಲಿದ್ದರೆ, ಮರಗಳ ಸಂಖ್ಯೆ ಕೇಳುವುದರ ಜೊತೆಗೆ ಇದನ್ನೂ ಲಿಖಿತವಾಗಿ ಕೊಡಿ. ಲಿಂಗನಮಕ್ಕಿಯಲ್ಲಿ ಮುಳುಗಡೆಯಾದ ಕುಟುಂಬಗಳಲ್ಲಿ ಇನ್ನೂ ಹಕ್ಕುಪತ್ರ ಸಿಗದವರ ಪಟ್ಟಿಯನ್ನು ತಾಲ್ಲೂಕುವಾರು ಈ ಯೋಜನೆಯ ವರದಿಗೆ ಸೇರಿಸಬೇಕು. ಆ ಪಟ್ಟಿ ಇತ್ಯರ್ಥವಾಗುವವರೆಗೆ ಮೊದಲ ಮರಕ್ಕೆ ಕೊಡಲಿ ಹಾಕಬಾರದು.